5ನೇ ವರ್ಷದ ಆರಂಭದಿಂದ ಬರುವ ಆನ್ಯುಯಿಟಿ: ಯಾವ ಸೂತ್ರ, ಎಷ್ಟು ವರ್ಷ ಡಿಸ್ಕೌಂಟ್?

ಫೌಂಡೇಶನ್_ಹುಡುಗಿ

ಸಿಎ ಫೌಂಡೇಶನ್ ಮೂರನೇ ಪೇಪರ್‌ಗೆ ಅಭ್ಯಾಸ ಮಾಡುವಾಗ ಸಿಕ್ಕ ಪ್ರಶ್ನೆ ಇದು. ಕನ್ನಡದಲ್ಲಿ ಹಾಕ್ತೀನಿ:

ಒಬ್ಬರಿಗೆ ವರ್ಷಕ್ಕೆ 20,000 ರೂಪಾಯಿಯಂತೆ ಒಟ್ಟು 5 ಕಂತು ಬರಬೇಕಿದೆ. ಮೊದಲ ಕಂತು ಇಂದಿನಿಂದ ಲೆಕ್ಕ ಹಾಕಿದರೆ 5ನೇ ವರ್ಷದ ಆರಂಭದಲ್ಲಿ ಕೈಸೇರುತ್ತದೆ. ಬಡ್ಡಿ ದರ ವರ್ಷಕ್ಕೆ 10%. ಈ ಎಲ್ಲ ಕಂತುಗಳ ಇಂದಿನ ಮೌಲ್ಯ ಎಷ್ಟು?

(ಎ) 75,816 (ಬಿ) 62,658 (ಸಿ) 56,961 (ಡಿ) 51,783

ಉತ್ತರ ಸಿ ಅಂತ ಕೊಟ್ಟಿದ್ದಾರೆ, ಹೇಗೆ ಬಂತು ಅಂತ ಬಿಡಿಸಿಲ್ಲ. "ಆರಂಭದಲ್ಲಿ" ಅಂತ ಇರೋದರಿಂದ ಆನ್ಯುಯಿಟಿ ಡ್ಯೂ ಸೂತ್ರ ಹಾಕಿದೆ, 83,397 ಬಂತು. ಮುಂದೂಡಿದ ಆನ್ಯುಯಿಟಿಯಲ್ಲಿ ಮೊದಲ ಕಂತಿಗಿಂತ ಒಂದು ವರ್ಷ ಕಡಿಮೆ ಡಿಸ್ಕೌಂಟ್ ಮಾಡಬೇಕು ಅಂತ ಕ್ಲಾಸಲ್ಲಿ ಹೇಳಿದ್ದರು, ಅದರ ಪ್ರಕಾರ 3 ವರ್ಷ ಹಿಂದಕ್ಕೆ ತಂದರೆ 62,658. ಅಂದರೆ ಬಿ. ಎರಡೂ ನಿಯಮ ಸರಿಯಾಗೇ ಇವೆ ಅನ್ಸುತ್ತೆ, ಆದರೆ ಉತ್ತರ ಸರಿ ಇಲ್ಲ. ಎಲ್ಲಿ ಜಾರ್ತಿದೆ?

ಶಾರ್ಟ್‌ಕಟ್_ಶಂಕ್ರ

ಸಿಂಪಲ್. ಪ್ರಶ್ನೆಯಲ್ಲಿ "ಆರಂಭ" ಇದ್ರೆ ಡ್ಯೂ, "ಕೊನೆ" ಇದ್ರೆ ಆರ್ಡಿನರಿ. ಡ್ಯೂ ಹಾಕಿದ್ದು ಸರಿ, ಆದರೆ 4 ವರ್ಷ ಡಿಸ್ಕೌಂಟ್ ಮಾಡ್ಬೇಕಿತ್ತು. 83,397 ÷ 1.4641 = 56,961. ಆಯ್ತಲ್ಲ. ಆರ್ಡಿನರಿ ಸೂತ್ರ ಹಾಕೋ ಹಾಗೇ ಇಲ್ಲ ಇಲ್ಲಿ, ಹಾಕಿದ್ರೆ ಡಿ ಬರುತ್ತೆ, ಅದು ತಪ್ಪು. ಪದ ನೋಡಿ ಸೂತ್ರ ಆರಿಸಿ, ತಲೆ ಕೆಡಿಸ್ಕೋಬೇಡಿ.

ಕಾಲರೇಖೆ

ಶಂಕ್ರ ಅವರ ಉತ್ತರ ಸರಿ, ಆದರೆ ಕೊಟ್ಟ ಕಾರಣ ಅರ್ಧ ಮಾತ್ರ ಸರಿ. ಈ ಲೆಕ್ಕವನ್ನು ಆರ್ಡಿನರಿ ಸೂತ್ರದಲ್ಲೂ ಮಾಡಬಹುದು, ಬರುವುದು ಅದೇ 56,961. ಹಾಗಾಗಿ "ಆರಂಭ ಎಂದರೆ ಡ್ಯೂ" ಎನ್ನುವುದನ್ನು ನಿಯಮ ಎಂದು ಇಟ್ಟುಕೊಂಡರೆ ಇಲ್ಲಿ ಬಚಾವಾದರೂ ಮುಂದಿನ ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತೀರಿ.

ಮೊದಲು ಗೆರೆ ಎಳೆಯಿರಿ. ಇಂದು ಎಂದರೆ 0. ಮೊದಲ ವರ್ಷದ ಕೊನೆ 1, ಎರಡನೇ ವರ್ಷದ ಕೊನೆ 2. ಐದನೇ ವರ್ಷದ ಆರಂಭ ಎಂದರೆ ನಾಲ್ಕನೇ ವರ್ಷದ ಕೊನೆಯೇ, ಗೆರೆಯ ಮೇಲೆ ಎರಡಕ್ಕೂ ಒಂದೇ ಚುಕ್ಕಿ.

```
t     0   1   2   3   4   5   6   7   8
000s                  20  20  20  20  20
```

ಚುಕ್ಕಿ ಇಟ್ಟ ಮೇಲೆ "ಆರಂಭ", "ಕೊನೆ" ಎನ್ನುವ ಪದಗಳ ಕೆಲಸ ಮುಗಿಯಿತು, ಅವನ್ನು ಮರೆತುಬಿಡಬಹುದು. ಈಗ ಕೇಳಿಕೊಳ್ಳಬೇಕಾದದ್ದು ಒಂದೇ: ನಾನು ಹಾಕುವ ಸೂತ್ರ ಮೊತ್ತವನ್ನು ಯಾವ ಚುಕ್ಕಿಯ ಮೇಲೆ ತಂದು ಇಡುತ್ತದೆ?

ಆರ್ಡಿನರಿ ಸೂತ್ರ ಯಾವಾಗಲೂ ಮೊದಲ ಕಂತಿಗಿಂತ ಒಂದು ಅವಧಿ ಹಿಂದಿನ ಚುಕ್ಕಿಯಲ್ಲಿ ಇಡುತ್ತದೆ. ಡ್ಯೂ ಸೂತ್ರ ಮೊದಲ ಕಂತಿನ ಚುಕ್ಕಿಯಲ್ಲೇ ಇಡುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ, 1.10 ರಿಂದ ಗುಣಿಸುವುದು ಎಂದರೆ ಮೊತ್ತವನ್ನು ಒಂದು ಮನೆ ಮುಂದಕ್ಕೆ ತಳ್ಳುವುದು.

```
ಆರ್ಡಿನರಿ:  20000 × 3.7908          = 75,816   (t = 3)
           75,816 ÷ 1.1^3           = 56,961   (t = 0)

ಡ್ಯೂ:      20000 × 3.7908 × 1.1    = 83,397   (t = 4)
           83,397 ÷ 1.1^4           = 56,961   (t = 0)
```

ಫೌಂಡೇಶನ್_ಹುಡುಗಿ ಅವರೇ, ನೀವು ಹೇಳಿದ ಎರಡೂ ನಿಯಮ ಸರಿ, ಆದರೆ ಅವು ಬೇರೆ ಬೇರೆ ಜೋಡಿಗೆ ಸೇರಿದವು. "ಒಂದು ವರ್ಷ ಕಡಿಮೆ" ಎನ್ನುವುದು ಆರ್ಡಿನರಿಯ ಜೊತೆ ಬರುವ ಮಾತು. ನೀವು ಅದನ್ನು ಡ್ಯೂ ಜೊತೆ ಸೇರಿಸಿದ್ದೀರಿ. ಮೊತ್ತ 4ರ ಮೇಲೆ ಇತ್ತು, ಮೂರೇ ಮನೆ ಹಿಂದಕ್ಕೆ ಬಂದಿರಿ, ಆದ್ದರಿಂದ 62,658 ಎನ್ನುವುದು ಇಂದಿನ ಮೌಲ್ಯವಲ್ಲ, ಒಂದು ವರ್ಷದ ಕೊನೆಯಲ್ಲಿನ ಮೌಲ್ಯ. ಬೇಕಿದ್ದರೆ 62,658ನ್ನು 1.1 ರಿಂದ ಭಾಗಿಸಿ ನೋಡಿ.

ಫೌಂಡೇಶನ್_ಹುಡುಗಿ

ಭಾಗಿಸಿದೆ, 56,961 ಬಂತು. ಆದರೂ ನಂಬಿಕೆ ಬರೋಕೆ ಒಂದೊಂದೇ ಕಂತು ಡಿಸ್ಕೌಂಟ್ ಮಾಡಿ ನೋಡಿದೆ ಸರ್:

```
t=4   13,660.27
t=5   12,418.43
t=6   11,289.48
t=7   10,263.16
t=8    9,330.15
      ---------
      56,961.49
```

ಸರಿಯಾಗೇ ಕೂತಿತು. ಹಾಗಾದ್ರೆ ಉಳಿದ ಆಯ್ಕೆಗಳನ್ನ ಹೇಗೆ ಮಾಡಿದ್ದಾರೆ? ಸುಮ್ನೆ ಹಾಕಿದ ಸಂಖ್ಯೆ ಅನ್ನಿಸ್ತಿಲ್ಲ.

ಕಾಲರೇಖೆ

ಸುಮ್ಮನೆ ಹಾಕಿದ್ದಲ್ಲ. ಪ್ರತಿ ತಪ್ಪು ಆಯ್ಕೆಯೂ ಬೇರೊಂದು ಪ್ರಶ್ನೆಯ ಸರಿ ಉತ್ತರ. 75,816 ಬರುವುದು ಮೊದಲ ಕಂತು ಒಂದನೇ ವರ್ಷದ ಕೊನೆಗೆ ಬಂದರೆ, ಅಂದರೆ ಮುಂದೂಡಿಕೆಯೇ ಇಲ್ಲದಿದ್ದರೆ. 62,658 ಬರುವುದು ಮೊದಲ ಕಂತು 4ನೇ ವರ್ಷದ ಆರಂಭಕ್ಕೆ ಬಂದರೆ. 51,783 ಬರುವುದು 5ನೇ ವರ್ಷದ ಕೊನೆಗೆ ಬಂದರೆ. ಪ್ರಶ್ನೆ ತೆಗೆಯುವವರು ವಿದ್ಯಾರ್ಥಿ ಗೆರೆಯ ಮೇಲೆ ಒಂದು ಮನೆ ಅತ್ತಿತ್ತ ಜಾರಿದರೆ ಎಲ್ಲಿಗೆ ಬೀಳುತ್ತಾನೆ ಎಂದು ಮೊದಲೇ ಲೆಕ್ಕ ಹಾಕಿಟ್ಟಿರುತ್ತಾರೆ. ಅದಕ್ಕೇ ಆಬ್ಜೆಕ್ಟಿವ್ ಪೇಪರಿನಲ್ಲಿ "ನನ್ನ ಉತ್ತರ ಆಯ್ಕೆಗಳಲ್ಲಿ ಇದೆ" ಎನ್ನುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಫೌಂಡೇಶನ್‌ನಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ ಬೇರೆ.

ಇಲ್ಲಿ ಒಂದು ಸುಲಭದ ಪರೀಕ್ಷೆ ಉಂಟು. 62,658 ÷ 56,961 = 1.1, 56,961 ÷ 51,783 = 1.1. ಎರಡು ಆಯ್ಕೆಗಳ ನಡುವಿನ ಅನುಪಾತ ಸರಿಯಾಗಿ 1 + r ಇದ್ದರೆ, ಆ ಪ್ರಶ್ನೆ ಪರೀಕ್ಷಿಸುತ್ತಿರುವುದು ಮನೆ ಎಣಿಕೆಯನ್ನು ಎಂದು ತಿಳಿಯಿರಿ. ಅಂಥ ಕಡೆ ಗೆರೆ ಎಳೆಯದೆ ಉತ್ತರ ಗುರುತು ಮಾಡಬೇಡಿ.

ಶಾರ್ಟ್‌ಕಟ್_ಶಂಕ್ರ

ಒಪ್ಪಲ್ಲ ಗುರು. ನಿಮ್ಮ ಪ್ರಕಾರ ಯಾವ ಸೂತ್ರ ಹಾಕಿದ್ರೂ ನಡೆಯುತ್ತೆ ಅಂದ್ರೆ ಪುಸ್ತಕದಲ್ಲಿ ಎರಡು ಸೂತ್ರ ಯಾಕೆ ಕೊಡ್ತಾರೆ? ಒಂದು ಪ್ರಶ್ನೆಗೆ ಒಂದು ನಿಮಿಷ ಚಿಲ್ಲರೆ ಸಿಗೋ ಪೇಪರ್ ಅದು. ಗೆರೆ ಎಳೀತಾ ಕೂತ್ರೆ ಅರ್ಧ ಪೇಪರ್ ಬಿಟ್ಟು ಬರ್ಬೇಕಾಗುತ್ತೆ. ಪದ ನೋಡಿ ಸೂತ್ರ ಹಾಕೋದು ಹತ್ತರಲ್ಲಿ ಒಂಬತ್ತು ಸಲ ಸರಿ ಬರುತ್ತೆ.

ಕಾಲರೇಖೆ

ಎರಡು ಸೂತ್ರ ಕೊಡುವುದು ಮುಂದೂಡಿಕೆ ಇಲ್ಲದ ಲೆಕ್ಕಗಳಿಗೆ ಅನುಕೂಲ ಎಂದು. ಮೊದಲ ಕಂತು 1ರಲ್ಲಿ ಇದ್ದರೆ ಆರ್ಡಿನರಿ ನೇರವಾಗಿ 0ಗೆ ಬರುತ್ತದೆ, 0ಯಲ್ಲೇ ಇದ್ದರೆ ಡ್ಯೂ ನೇರವಾಗಿ 0ಗೆ ಬರುತ್ತದೆ. ಅಲ್ಲಿ ಪದ ನೋಡಿ ಸೂತ್ರ ಹಾಕಿದರೆ ಸಾಕು, ನಿಮ್ಮ ಮಾತು ಒಪ್ಪುತ್ತೇನೆ. ಮೊದಲ ಕಂತು 2 ಅಥವಾ ಅದರಾಚೆ ಹೋದ ಕೂಡಲೇ ಪದ ಸಾಲುವುದಿಲ್ಲ, ಯಾಕೆಂದರೆ "4ನೇ ವರ್ಷದ ಕೊನೆ" ಮತ್ತು "5ನೇ ವರ್ಷದ ಆರಂಭ" ಎರಡೂ ಒಂದೇ ದಿನ. ಅದೇ ಹಣ, ಅದೇ ದಿನ, ಪ್ರಶ್ನೆಯ ಪದ ಬದಲಾದ ಮಾತ್ರಕ್ಕೆ ಸೂತ್ರ ಬದಲಾಗಬೇಕೆಂದರೆ ಹೇಗೆ?

ಸಮಯದ ಮಾತಿಗೆ ಬಂದರೆ, ಗೆರೆ ಪೂರ್ತಿ ಎಳೆಯಬೇಕಿಲ್ಲ. ಮೊದಲ ಕಂತು ಎಷ್ಟರಲ್ಲಿ, ಕೊನೆಯ ಕಂತು ಎಷ್ಟರಲ್ಲಿ, ಎರಡೇ ಸಂಖ್ಯೆ ಬರೆದುಕೊಳ್ಳಿ: 4, 8. ಕಂತುಗಳ ಸಂಖ್ಯೆ 8 − 4 + 1 = 5, ಪ್ರಶ್ನೆಯೊಂದಿಗೆ ತಾಳೆಯಾಯಿತು. ಆರ್ಡಿನರಿ ಹಾಕಿ 4 − 1 = 3 ವರ್ಷ ಹಿಂದಕ್ಕೆ. ಐದು ಸೆಕೆಂಡಿನ ಕೆಲಸ.

ಧಾರವಾಡದ_ಪೇಢಾ

ನಮ್ಮ ಕಡೆ ಬಿಕಾಂದಾಗ ಟೇಬಲ್ ಕೊಡ್ತಾರ್ರೀ, ಅದಕ್ಕ ನಾವು ಬ್ಯಾರೆ ದಾರಿ ಹಿಡಿತೇವಿ. ಇಂದಿನಿಂದ 8 ವರ್ಷ ಎಲ್ಲಾ ಕಂತು ಬರ್ತಾವ ಅಂತ ತಿಳ್ಕೊಳ್ರಿ. 10%ಕ್ಕ 8 ವರ್ಷದ್ದು 5.3349. ಮೊದಲಿನ 3 ವರ್ಷ ಬರಂಗಿಲ್ಲಲ್ಲ, ಅದರದು 2.4869, ಅದನ್ನ ಕಳೀರಿ. ಉಳಿದದ್ದು 2.8480. ಗುಣಿಸು 20,000, ಅಂದ್ರ 56,960. ಒಂದು ರೂಪಾಯಿ ಫರಕು ಬಂತು, ಅದು ಟೇಬಲ್‌ದಾಗ ನಾಲ್ಕೇ ಅಂಕಿ ಇರೋದ್ರಿಂದ. ಡಿಸ್ಕೌಂಟ್ ಮಾಡೂದು ಇಲ್ಲ, ಡ್ಯೂ ಇಲ್ಲ, ಎಂಥದೂ ಇಲ್ಲ.

ಆದ್ರ ಇದರಾಗೂ ಒಂದು ಕುಣಿ ಐತಿ. ಭಾಳ ಹುಡುಗ್ರು "ಮೊದಲ ಕಂತು 4ಕ್ಕ ಬರ್ತದ" ಅಂತ ಹೇಳಿ 4 ವರ್ಷದ್ದು ಕಳೀತಾರ. 5.3349 − 3.1699 = 2.1650, ಉತ್ತರ 43,300. 4ಕ್ಕ ಬರೋ ಕಂತನ್ನ ಅವರೇ ಕಿತ್ತು ಒಗದಂಗಾತು, ನಾಲ್ಕೇ ಕಂತು ಉಳೀತು. ಕಂಡುಹಿಡಿಯೂದು ಸರಳ: ಎರಡೂ ವರ್ಷದ ಫರಕು ಕಂತಿನ ಲೆಕ್ಕಕ್ಕ ಕೂಡಬೇಕು. 8 − 3 = 5, ಬರೋಬರಿ. 8 − 4 = 4, ಅಂದ್ರ ಎಲ್ಲೋ ತಪ್ಪೇತಿ.

"3ನೇ ವರ್ಷದ ಕೊನಿಯಿಂದ 10ನೇ ವರ್ಷದ ಕೊನಿತನಕ" ಅಂತ ಕೇಳಿದ್ರ ಇನ್ನೂ ಹುಷಾರಿರ್ರಿ. ಅದು ಏಳಲ್ಲ, ಎಂಟು ಕಂತು. 10ರದ್ದು ತಗೊಂಡು 2ರದ್ದು ಕಳೀಬೇಕು, 6.1446 − 1.7355.

ಚೀಟಿ_ಗೌಡ್ರು

ಏನಪ್ಪಾ ಇದು, ಇಷ್ಟು ಸುತ್ತು ಯಾಕೆ? ವರ್ಷಕ್ಕೆ 20,000ದಂತೆ 5 ಕಂತು, 10% ಬಡ್ಡಿ, ಕೂಡಿಟ್ಟರೆ 1,22,102 ಆಗುತ್ತೆ. ಸೂತ್ರ ಇದೆ, ಅಂಶ 6.1051. ಅದೇ ಉತ್ತರ ಅಲ್ವಾ? ಆಯ್ಕೆಗಳಲ್ಲೇ ಇಲ್ಲ ಅದು. ಪ್ರಶ್ನೆನೇ ತಪ್ಪಿರಬೇಕು.

ಫೌಂಡೇಶನ್_ಹುಡುಗಿ

ಗೌಡ್ರೆ, ಅದು ಮುಂದಿನ ಮೌಲ್ಯ, ಕೊನೇ ಕಂತಿನ ದಿನ ಎಷ್ಟಾಗಿರುತ್ತೆ ಅಂತ. ಇಲ್ಲಿ ಕೇಳಿರೋದು ಇಂದಿನದು.

ಕಾಲರೇಖೆ

ಗೌಡರ ಸಂಖ್ಯೆಯನ್ನು ಎಸೆಯಬೇಡಿ, ಅದರಿಂದಲೂ ದಾರಿ ಇದೆ. ಆ ಸೂತ್ರ ಮೊತ್ತವನ್ನು ಕೊನೆಯ ಕಂತಿನ ಚುಕ್ಕಿಯ ಮೇಲೆ ಇಡುತ್ತದೆ, ಇಲ್ಲಿ 8ರಲ್ಲಿ. 8 ಮನೆ ಹಿಂದಕ್ಕೆ ತನ್ನಿ: 1,22,102 ÷ 2.14359 = 56,961. ಅದೇ ಉತ್ತರ.

ಹೀಗಾಗಿ ಮೂರು ಸೂತ್ರ, ಮೂರು ಇಳಿಯುವ ಜಾಗ: ಮೊದಲ ಕಂತಿಗೆ ಒಂದು ಮನೆ ಹಿಂದೆ, ಮೊದಲ ಕಂತಿನ ಮೇಲೆ, ಕೊನೆಯ ಕಂತಿನ ಮೇಲೆ. ಎಲ್ಲಿ ಇಳಿಯಿತು ಎಂದು ಗೊತ್ತಿದ್ದರೆ ಯಾವುದನ್ನು ಹಿಡಿದರೂ ಇಂದಿಗೆ ಬರಬಹುದು. ಅದು ಗೊತ್ತಿಲ್ಲದಿದ್ದರೆ "ಸರಿಯಾದ" ಸೂತ್ರ ಹಿಡಿದರೂ ತಪ್ಪು ಚುಕ್ಕಿಯಲ್ಲಿ ನಿಲ್ಲುತ್ತೀರಿ. ಪರೀಕ್ಷೆಯಲ್ಲಿ ಒಂದನ್ನೇ ರೂಢಿ ಮಾಡಿಕೊಳ್ಳುವುದಾದರೆ ನಾನು ಆರ್ಡಿನರಿಯನ್ನೇ ಹಿಡಿಯಿರಿ ಎನ್ನುತ್ತೇನೆ, ಟೇಬಲ್‌ಗಳು ಅದಕ್ಕೇ ಇರುವುದು.

ಚೀಟಿ_ಗೌಡ್ರು

ಸರಿ ಬಿಡಿ. ಲೆಕ್ಕ ಗೊತ್ತಿರೋರು ಸಿಕ್ಕಿದ್ದೀರಿ, ನನ್ನದೊಂದು ಕೇಳ್ತೀನಿ. ಮಗನಿಗೆ ಸ್ಕೂಟರ್ ತಗೊಂಡೆ. ಸಾಲ 90,000, ಬಡ್ಡಿ 12%, 24 ತಿಂಗಳು. ಇಎಂಐ 4,237 ಅಂದ್ರು. ಮೊದಲ ಕಂತು ಗಾಡಿ ಕೊಡುವಾಗಲೇ ಇಟ್ಕೊಂಡ್ರು. ಒಟ್ಟು 24 ಕಂತೇ, ಜಾಸ್ತಿ ಏನಿಲ್ಲ. ಇದರಲ್ಲಿ ಏನಾದರೂ ವ್ಯತ್ಯಾಸ ಬರುತ್ತಾ, ಬರಲ್ವಾ?

ಟ್ಯಾಲಿ_ತಾರಾ

ಬರುತ್ತೆ ಗೌಡ್ರೆ, ಮತ್ತು ಇದು ಈ ಚರ್ಚೆಗೆ ಹೇಳಿಮಾಡಿಸಿದ ಲೆಕ್ಕ. ತಿಂಗಳಿಗೆ 1%, 24 ತಿಂಗಳು, ಆರ್ಡಿನರಿ ಅಂಶ 21.2434. 90,000 ÷ 21.2434 = 4,236.61. ಅಂದರೆ ನಿಮ್ಮ 4,237 ಬಂದಿರೋದು ಆರ್ಡಿನರಿ ಸೂತ್ರದಿಂದ. ಆ ಸೂತ್ರ ಒಪ್ಪಿಕೊಂಡಿರೋದು ಮೊದಲ ಕಂತು ಒಂದು ತಿಂಗಳು ಕಳೆದ ಮೇಲೆ ಅಂತ. ವಸೂಲಿ ಮಾಡಿದ್ದು ಮೊದಲ ದಿನವೇ.

ಮೊದಲ ದಿನವೇ ಕೊಡೋದಾದ್ರೆ ಡ್ಯೂ ಅಂಶ ಹಾಕಬೇಕಿತ್ತು: 21.2434 × 1.01 = 21.4558. ಆಗ ಇಎಂಐ 4,194.67. ತಿಂಗಳಿಗೆ ಸುಮಾರು 42 ರೂಪಾಯಿ ವ್ಯತ್ಯಾಸ, 24 ತಿಂಗಳಿಗೆ ಸಾವಿರ ರೂಪಾಯಿ ಮೇಲೆ.

ಇದನ್ನೇ ದರದ ಲೆಕ್ಕದಲ್ಲಿ ನೋಡಿ. ನಿಮ್ಮ ಕೈಗೆ ನಿಜವಾಗಿ ಬಂದಿದ್ದು 90,000 − 4,237 = 85,763, ತೀರಿಸೋಕೆ ಉಳಿದದ್ದು 23 ಕಂತು. 85,763 ÷ 4,237 = 20.24. 23 ತಿಂಗಳಿಗೆ 20.24 ಅಂಶ ಕೊಡೋ ದರ ಹುಡುಕಿದರೆ ತಿಂಗಳಿಗೆ ಸುಮಾರು 1.09% ಸಿಗುತ್ತೆ. ವರ್ಷಕ್ಕೆ 13.1% ಹತ್ತಿರ. ಕಾಗದದ ಮೇಲೆ 12%, ನಡೆದದ್ದು 13.1%. ಒಂದು ಮನೆ ಜಾರಿದ್ದಕ್ಕೆ ಇಷ್ಟು.

ಎಕ್ಸೆಲ್‌ನಲ್ಲಿ ನೋಡ್ಕೊಳ್ಳೋರಿಗೆ, ಕೊನೇ ಅಂಕಿ 0 ಆದರೆ ಅವಧಿಯ ಕೊನೆಗೆ, 1 ಆದರೆ ಆರಂಭಕ್ಕೆ:

```
=PMT(1%,24,-90000,0,0)   → 4236.61
=PMT(1%,24,-90000,0,1)   → 4194.67
=RATE(23,-4237,85763)    → ಸುಮಾರು 1.09%
```

ಚೀಟಿ_ಗೌಡ್ರು

ಹೋಗಿ ಕೇಳಿದ್ರೆ ಕೊಡ್ತಾರಾ ಅದನ್ನ?

ಟ್ಯಾಲಿ_ತಾರಾ

ಒಪ್ಪಂದದಲ್ಲಿ ಮೊದಲ ಕಂತಿನ ದಿನಾಂಕ ಏನಂತ ಬರೆದಿದೆ ನೋಡಿ ಮೊದಲು. ಅದರಲ್ಲಿ ಒಂದು ತಿಂಗಳ ನಂತರದ ದಿನಾಂಕ ಇದ್ದು ಮುಂಚೆನೇ ತಗೊಂಡಿದ್ರೆ ಕೇಳೋಕೆ ಆಧಾರ ಇದೆ. ಗಾಡಿ ಕೊಡೋ ದಿನವೇ ಅಂತ ಬರೆದು ಸಹಿ ಹಾಕಿಸಿಕೊಂಡಿದ್ರೆ ಬೇರೆ ಮಾತು.

ಫೌಂಡೇಶನ್_ಹುಡುಗಿ

ವಾಪಸ್ ನನ್ನ ಪೇಪರ್‌ಗೆ. ನಮಗೆ ಟೇಬಲ್ ಇಲ್ಲ, ಸೈಂಟಿಫಿಕ್ ಕ್ಯಾಲ್ಕುಲೇಟರ್ ಕೂಡ ಬಿಡಲ್ಲ, ಸಾದಾ 12 ಅಂಕಿಯದ್ದು ಮಾತ್ರ. 3.7908 ಬೇಗ ತೆಗೆಯೋದು ಹೇಗೆ? ಜಿಟಿ ಬಟನ್‌ನಲ್ಲಿ ಬರುತ್ತೆ ಅಂತಾರೆ, ನನ್ನದರಲ್ಲಿ ವಿಚಿತ್ರ ಸಂಖ್ಯೆ ಬರ್ತಿದೆ.

ಶಾರ್ಟ್‌ಕಟ್_ಶಂಕ್ರ

ಇದು ನನ್ನ ಏರಿಯಾ. ಮೊದಲು AC ಒತ್ತಿ GT ಖಾಲಿ ಇದೆಯಾ ನೋಡಿ, ಹಳೇ ಲೆಕ್ಕದ ಮೊತ್ತ ಅದರಲ್ಲಿ ಉಳ್ಕೊಂಡಿದ್ರೆ ಅದೂ ಕೂಡ್ಕೊಂಡು ಬರುತ್ತೆ. ವಿಚಿತ್ರ ಸಂಖ್ಯೆಗೆ ಹೆಚ್ಚಾಗಿ ಇದೇ ಕಾರಣ. ಆಮೇಲೆ:

```
1 ÷ 1.1 = = = = =      (= ಐದು ಸಲ)
GT                     → 3.7907...
```

ಒಂದೊಂದು = ಒತ್ತಿದಾಗ್ಲೂ ಮತ್ತೆ 1.1 ರಿಂದ ಭಾಗ ಆಗುತ್ತೆ, ಬಂದಿದ್ದೆಲ್ಲ GTಯಲ್ಲಿ ಕೂಡ್ತಾ ಹೋಗುತ್ತೆ. ಕ್ಯಾಸಿಯೋ ಆಗಿದ್ರೆ ಹೀಗೆ ಮಾಡಿದ್ರೆ ಬರಲ್ಲ. ಅದರಲ್ಲಿ 1.1 ÷ ÷ 1 ಒತ್ತಿ, ಪರದೆ ಮೇಲೆ K ಬಂದ್ಮೇಲೆ = ಐದು ಸಲ.

GT ಒತ್ತೋ ಮುಂಚೆ ಪರದೆ ಮೇಲೆ 0.62092 ಇರ್ಬೇಕು, ಅದು 5ನೇ ವರ್ಷದ ಒಂದು ರೂಪಾಯಿ. 0.68301 ಇದ್ರೆ ನಾಲ್ಕೇ ಸಲ ಒತ್ತಿದ್ದೀರ ಅಂತ. GT ಬಂದ್ಮೇಲೆ × 20000 =, ಆಮೇಲೆ ÷ 1.1 = = =, ಮೂರು ಸಲ; ಕ್ಯಾಸಿಯೋ ಆದ್ರೆ ÷ 1.1 = ಅನ್ನೋದನ್ನೇ ಪೂರ್ತಿ ಮೂರು ಸಲ ಒತ್ತಿ. ಮುಗೀತು, 56,961. ನೋಡಿ ಕಾಲರೇಖೆ ಅವರೇ, ಇದರಲ್ಲಿ ಆರ್ಡಿನರಿನೇ ಸುಲಭ, ಅದು ಒಪ್ತೀನಿ. ಕ್ಯಾಲ್ಕುಲೇಟರ್ ತನ್ನಷ್ಟಕ್ಕೆ ಕೊಡೋದು ಆರ್ಡಿನರಿ ಅಂಶವೇ.

ಮೊದಲ ಕಂತು ಇವತ್ತೇ ಇದ್ದಾಗ ಮಾತ್ರ ನಾನು ಡ್ಯೂ ಮಾಡ್ತೀನಿ: = ಒಂದು ಸಲ ಕಮ್ಮಿ ಒತ್ತಿ, GT, ಆಮೇಲೆ + 1. ಐದು ಕಂತಿಗೆ ನಾಲ್ಕು ಸಲ, 3.1699 + 1 = 4.1699.

ಕಾಲರೇಖೆ

ಚೆನ್ನಾಗಿ ಬಿಡಿಸಿದ್ದೀರಿ. ಆ ಕೊನೆಯದು ಐಸಿಎಐ ಅಧ್ಯಯನ ಸಾಮಗ್ರಿಯಲ್ಲಿ ತೋರಿಸುವ ದಾರಿಯೂ ಹೌದು: n − 1 ವರ್ಷದ ಆರ್ಡಿನರಿ, ಜೊತೆಗೆ ಇಂದು ಕೈಗೆ ಬಂದ ಒಂದು ಕಂತು. 3.7908 × 1.1 ಮಾಡಿದರೂ 4.1699ವೇ.

ಪ್ರೀಮಿಯಂ_ಪದ್ದಿ

ಒಂದು ಎಚ್ಚರಿಕೆ ಸೇರಿಸ್ತೀನಿ. ನಾನು ಆಕ್ಚುಯರಿ ಪರೀಕ್ಷೆ ಓದ್ತಿರೋಳು. ಐಸಿಎಐ ಸಾಮಗ್ರಿಯಲ್ಲಿ "ಆನ್ಯುಯಿಟಿ ಇಮಿಡಿಯೇಟ್" ಅಂದರೆ ಡ್ಯೂ, ಮೊದಲ ಕಂತು ಇಂದೇ. ನಮ್ಮ ಆಕ್ಚುಯರಿ ಪುಸ್ತಕಗಳಲ್ಲಿ ಅದೇ ಹೆಸರು ಅವಧಿಯ ಕೊನೆಗೆ ಬರುವ ಕಂತಿಗೆ. ಪೂರ್ತಿ ಉಲ್ಟಾ. ಇಂಟರ್‌ನೆಟ್‌ನಲ್ಲಿ ಸಿಕ್ಕ ಲೆಕ್ಕ ಅಭ್ಯಾಸ ಮಾಡುವವರು ಹೆಸರು ನೋಡಿ ಸೂತ್ರ ಹಾಕಿದರೆ ಉತ್ತರ ಸರಿಯಾಗಿ 1 + r ಪಟ್ಟು ಆಚೀಚೆ ಆಗುತ್ತೆ. ಹಾಗೆ ಆದರೆ ಲೆಕ್ಕ ಮತ್ತೆ ಮಾಡೋ ಮುಂಚೆ ಪುಸ್ತಕ ಯಾವ ಕಡೆಯದ್ದು ಅಂತ ನೋಡಿ.

ಫೌಂಡೇಶನ್_ಹುಡುಗಿ

ಓ, ಅದಕ್ಕೇ ಒಂದು ಸೈಟಿನ ಹತ್ತಾರು ಲೆಕ್ಕ ಒಂದೂ ತಾಳೆ ಆಗ್ತಿರ್ಲಿಲ್ಲ. ಥ್ಯಾಂಕ್ಸ್ ಅಕ್ಕಾ.

ಕೊನೇದಾಗಿ ಇನ್ನೊಂದು. "10,000 ರೂಪಾಯಿಯ 4 ವಾರ್ಷಿಕ ಕಂತುಗಳು, 2 ವರ್ಷಗಳ ನಂತರ ಆರಂಭ, 10%" ಅಂತ ಇದೆ. ಗೆರೆ ಎಳೆಯೋಕೆ ಹೋದ್ರೆ ಮೊದಲ ಚುಕ್ಕಿ 2ರಲ್ಲಾ, 3ರಲ್ಲಾ?

ಧಾರವಾಡದ_ಪೇಢಾ

2ರಾಗ. "2 ವರ್ಷ ಆದ ಮ್ಯಾಲೆ ಶುರು" ಅಂದ್ರ ಆವತ್ತ ಮೊದಲ ರೊಕ್ಕ ಕೈಯಾಗ ಬರ್ತದ. 10,000 × 3.1699 ÷ 1.1 ಮಾಡ್ರಿ, 28,817.

ಕಾಲರೇಖೆ

ನಾನು 3 ಎನ್ನುವ ಕಡೆ ವಾಲುತ್ತೇನೆ. ಮುಂದೂಡಿದ ಆನ್ಯುಯಿಟಿಯ ಪಾಠದಲ್ಲಿ "2 ವರ್ಷ ಮುಂದೂಡಲಾಗಿದೆ" ಎಂದರೆ ಆನ್ಯುಯಿಟಿ 2ರಿಂದ ಓಡಲು ಶುರು, ಮೊದಲ ಕಂತು ಅದರ ಮೊದಲ ವರ್ಷ ಮುಗಿದಾಗ, ಅಂದರೆ 3ರಲ್ಲಿ. ಆಗ 10,000 × 3.1699 ÷ 1.21, ಉತ್ತರ 26,197. ಆದರೆ ಪ್ರಶ್ನೆಯಲ್ಲಿ ಶುರುವಾಗುವುದು ಕಂತುಗಳೋ ಆನ್ಯುಯಿಟಿಯೋ ಎನ್ನುವುದರ ಮೇಲೆ ಇದು ನಿಂತಿದೆ. ಇಲ್ಲಿ "ಕಂತುಗಳು" ಎಂದಿರುವುದರಿಂದ ಪೇಢಾ ಅವರ ಓದನ್ನು ತಳ್ಳಿಹಾಕಲೂ ಆಗುವುದಿಲ್ಲ.

ಧಾರವಾಡದ_ಪೇಢಾ

ಮತ್ತ ಪರೀಕ್ಷಾದಾಗ ಏನ್ ಮಾಡೂದ್ರಿ? ನಮ್ಮದು ಬಿಡಿಸಿ ಬರಿಯೋ ಪೇಪರ್, "ಮೊದಲ ಕಂತು 2ನೇ ವರ್ಷದ ಕೊನಿಗೆ ಅಂತ ಹಿಡಿದೇನಿ" ಅಂತ ಒಂದು ಸಾಲು ಬರದು ಗೆರಿ ಹಾಕಿ ಬಿಡ್ತೇವಿ. ತಿದ್ದೋರಿಗೆ ಹಾದಿ ಕಾಣ್ತದ.

ಶಾರ್ಟ್‌ಕಟ್_ಶಂಕ್ರ

ಆಬ್ಜೆಕ್ಟಿವ್‌ನಲ್ಲಿ ಆ ಸಾಲು ಎಲ್ಲಿ ಬರೀತೀರಾ? ಆಯ್ಕೆಗಳಲ್ಲಿ 28,817 ಮತ್ತು 26,197 ಎರಡರಲ್ಲಿ ಒಂದೇ ಇದ್ರೆ ಅದನ್ನ ಹಾಕಿ. ಎರಡೂ ಇದ್ರೆ...

ಫೌಂಡೇಶನ್_ಹುಡುಗಿ

ಎರಡೂ ಇವೆ.

ಶಾರ್ಟ್‌ಕಟ್_ಶಂಕ್ರ

ಹಾಗಾದ್ರೆ ನಾನಂತೂ 28,817 ಹಾಕ್ತೀನಿ, ಪ್ರಶ್ನೆಯಲ್ಲಿ ಇರೋದು "ಕಂತುಗಳು ಆರಂಭ" ಅಂತ.

ಪ್ರೀಮಿಯಂ_ಪದ್ದಿ

ಅದೇ ಪುಸ್ತಕದಲ್ಲಿ ಬಿಡಿಸಿದ ಲೆಕ್ಕ ಒಂದಾದರೂ ಇರುತ್ತಲ್ಲ, ಅದರಲ್ಲಿ "ನಂತರ ಆರಂಭ" ಅನ್ನೋದಕ್ಕೆ ಮೊದಲ ಕಂತನ್ನ ಎಲ್ಲಿ ಇಟ್ಟಿದ್ದಾರೆ ನೋಡು. ಒಂದೇ ಲೇಖಕರು ಸಾಮಾನ್ಯವಾಗಿ ಒಂದೇ ಅರ್ಥದಲ್ಲಿ ಬಳಸ್ತಾರೆ. ಬೇರೆ ಪುಸ್ತಕದ ಪ್ರಶ್ನೆಗೆ ಅದು ಆಧಾರ ಆಗಲ್ಲ ಅನ್ನೋದು ನೆನಪಿರಲಿ.

ಫೌಂಡೇಶನ್_ಹುಡುಗಿ

ನೋಡಿದೆ. ಬಿಡಿಸಿದ ಎರಡು ಲೆಕ್ಕ ಸಿಕ್ತು. ಒಂದರಲ್ಲಿ 2ರಲ್ಲಿ ಇಟ್ಟಿದ್ದಾರೆ, ಇನ್ನೊಂದರಲ್ಲಿ 3ರಲ್ಲಿ.